ಗೆರೆ ಮುಟ್ಟಿದರೆ ಔಟ್

2025ರ ಡಿಸೆಂಬರ್‌ನಲ್ಲಿ ನಮ್ಮ ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನ ಒಳಗೇ ಗಾಜಿನ ಕೋರ್ಟ್ ನಿಲ್ಲಿಸಿ ಸ್ಕ್ವಾಷ್ ವಿಶ್ವಕಪ್ ಆಡಿಸಿದರು. ಫೈನಲ್‌ನಲ್ಲಿ ಭಾರತ ಹಾಂಗ್‌ಕಾಂಗ್ ತಂಡವನ್ನು 3-0ರಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ನಮ್ಮ ಅಪಾರ್ಟ್‌ಮೆಂಟಿನ ದಾವಣಗೆರೆ ರಾಯರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಕ್ರಿಕೆಟ್ಟು, ಟೆನಿಸ್ಸು ಎರಡನ್ನೂ ಅರೆದು ಕುಡಿದವರು. ಸ್ಕ್ವಾಷ್ ಮಾತ್ರ ಅದೇ ಮೊದಲು. ಮೊದಲ ಗೇಮ್ ಮುಗಿಯುವ ಹೊತ್ತಿಗೆ ಅವರ ತಾಳ್ಮೆಯೂ ಮುಗಿದಿತ್ತು.

“ಅಲ್ಲಪ್ಪಾ, ನಡುವೆ ನೆಟ್ಟಿಲ್ಲ. ಇಬ್ಬರೂ ಒಂದೇ ಕಡೆ ನಿಂತಿದಾರೆ. ಚೆಂಡು ನೆಲದ ಗೆರೆ ಆಚೆ ಬಿದ್ದರೂ ಆಡ್ತಾನೇ ಇದಾರೆ. ಗೋಡೆ ಮೇಲಿನ ಗೆರೆಗೆ ಚೂರು ತಾಗಿದರೆ ಔಟು ಅಂತಾನೆ. ಟೆನಿಸ್‌ನಲ್ಲಿ ಗೆರೆ ಮೇಲೆ ಬಿದ್ದರೆ ಒಳಗೆ ಅಲ್ವೇನಪ್ಪಾ? ಮತ್ತೆ ಅಂಕ ಯಾರಿಗೆ, ಸರ್ವ್ ಮಾಡಿದವನಿಗೋ, ಗೆದ್ದವನಿಗೋ?”

ರಾಯರ ಆ ಕೊನೆಯ ಪ್ರಶ್ನೆಯ ಬಗ್ಗೆ ಸ್ಕ್ವಾಷ್ ಜಗತ್ತೇ ಹಲವು ವರ್ಷ ಜಗಳವಾಡಿದೆ. ಗೆರೆಯ ಪ್ರಶ್ನೆಗೂ ಅಂಕದ ಪ್ರಶ್ನೆಗೂ ನಂಟೂ ಇದೆ. ಅಂಕದ ಲೆಕ್ಕ ಬದಲಾದಾಗ ಕೋರ್ಟಿನ ಗೆರೆಗಳು ಒಂದಿಂಚೂ ಜರುಗಲಿಲ್ಲ, ಆದರೆ ಅವುಗಳ ಬೆಲೆ ಏರಿತು. ಈ ಸಲದ ಅಂಕಣ ಅದರ ಬಗ್ಗೆ.

ಈಗಿನ ಲೆಕ್ಕ ಸುಲಭ. ಸರ್ವ್ ಯಾರದೇ ಇರಲಿ, ರ‍್ಯಾಲಿ ಗೆದ್ದವರಿಗೆ ಒಂದು ಅಂಕ, ಮುಂದಿನ ಸರ್ವ್ ಕೂಡ ಅವರಿಗೇ. ಮೊದಲು 11 ಮುಟ್ಟಿದವರಿಗೆ ಗೇಮ್. 10-10 ಆದರೆ ಎರಡು ಅಂಕದ ಅಂತರ ಸಿಗುವವರೆಗೆ ಆಡಬೇಕು. ಸಾಮಾನ್ಯವಾಗಿ ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ. ಮಾರ್ಕರ್ ಸ್ಕೋರ್ ಕೂಗುವಾಗ ಸರ್ವ್ ಮಾಡುವವರ ಅಂಕವನ್ನು ಮೊದಲು ಹೇಳುತ್ತಾರೆ. ಸರ್ವ್ ಕೈ ಬದಲಾದಾಗ “ಹ್ಯಾಂಡ್ ಔಟ್” ಎಂದು ಕೂಗಿ ಆಮೇಲೆ ಸ್ಕೋರ್ ಹೇಳುತ್ತಾರೆ. ಇದು ಗೊತ್ತಿಲ್ಲದವರಿಗೆ “5-7” ಕೇಳಿದ ಬೆನ್ನಿಗೇ “8-5” ಕೇಳಿ ತಲೆ ತಿರುಗುವುದು ಸಹಜ.

ಹಳೆಯ ಲೆಕ್ಕದಲ್ಲಿ ಗೇಮ್ 9 ಅಂಕಕ್ಕೆ. ಅಂಕ ಗಳಿಸುವ ಹಕ್ಕು ಸರ್ವ್ ಮಾಡುವವರದು ಮಾತ್ರ. ಎದುರಾಳಿ ರ‍್ಯಾಲಿ ಗೆದ್ದರೆ ಅವರಿಗೆ ಸಿಗುವುದು ಸರ್ವ್ ಅಷ್ಟೇ, ಸ್ಕೋರ್ ಇದ್ದಲ್ಲೇ ಇರುತ್ತದೆ. 8-8 ಆದಾಗ ಸರ್ವ್ ಎದುರಿಸುವವರು ಗೇಮನ್ನು 9ಕ್ಕೆ ಮುಗಿಸಬೇಕೋ 10ಕ್ಕೋ ಎಂದು ಆರಿಸಿಕೊಳ್ಳುತ್ತಿದ್ದರು. ನಲವತ್ತು ದಾಟಿದ ಆಟಗಾರರು ಕ್ಲಬ್ಬುಗಳಲ್ಲಿ ಇಂದಿಗೂ ಇದನ್ನೇ “ನಿಜವಾದ ಸ್ಕ್ವಾಷ್” ಎನ್ನುವುದನ್ನು ಕೇಳಿದ್ದೇನೆ. ನಾನೂ ಆ ವಯಸ್ಸಿನ ಹೊಸ್ತಿಲಲ್ಲೇ ಇದ್ದೇನೆ, ಆದರೆ ಈ ವಿಷಯದಲ್ಲಿ ಅವರ ಪಕ್ಷವಲ್ಲ.

ಯಾಕೆಂದು ಹೇಳಲು ಸ್ವಲ್ಪ ಲೆಕ್ಕ ಮಾಡಬೇಕು. ಇಬ್ಬರು ಸಮಬಲದ ಆಟಗಾರರು ಎಂದಿಟ್ಟುಕೊಳ್ಳಿ. ಪ್ರತಿ ರ‍್ಯಾಲಿಯನ್ನೂ ಸರ್ವ್ ಮಾಡಿದವರು ಗೆಲ್ಲುವ ಸಾಧ್ಯತೆ ಅರ್ಧ, ಎದುರಾಳಿ ಗೆಲ್ಲುವ ಸಾಧ್ಯತೆ ಅರ್ಧ. ಹಳೆಯ ಪದ್ಧತಿಯಲ್ಲಿ ಮೊದಲನೆಯ ಅರ್ಧಕ್ಕೆ ಮಾತ್ರ ಅಂಕ. ಅಂದರೆ ಓಡಿ, ಬಾಗಿ, ಬೆವರು ಸುರಿಸಿ ಆಡಿದ ರ‍್ಯಾಲಿಗಳಲ್ಲಿ ಸರಾಸರಿ ಅರ್ಧದಷ್ಟು ಸ್ಕೋರ್ ಬೋರ್ಡಿಗೆ ಕಾಣಿಸುವುದೇ ಇಲ್ಲ. 9-7ಕ್ಕೆ ಮುಗಿದ ಗೇಮಿನಲ್ಲಿ ಅಂಕಗಳು 16, ರ‍್ಯಾಲಿಗಳು ಸುಮಾರು 32. ಈ 32 ಸರಾಸರಿ ಮಾತ್ರ, ಅದಕ್ಕೆ ಮೇಲ್ಮಿತಿಯೇ ಇಲ್ಲ. ಇಬ್ಬರೂ ಸರದಿಯಂತೆ ಎದುರಾಳಿಯ ಸರ್ವ್ ಕಿತ್ತುಕೊಳ್ಳುತ್ತಾ ಹೋದರೆ 3-3 ಎಂಬ ಸ್ಕೋರ್ ಕಾಲು ಗಂಟೆ ಅಲ್ಲಾಡದೆ ಕೂರಬಹುದು. ಹೊಸ ಪದ್ಧತಿಯಲ್ಲಿ ಪ್ರತಿ ರ‍್ಯಾಲಿಗೂ ಒಂದು ಅಂಕ. 11-9 ಎಂದರೆ ಸರಿಯಾಗಿ 20 ರ‍್ಯಾಲಿ. ಅಡಚಣೆಯಾಗಿ ಮತ್ತೆ ಆಡಿಸಿದ ‘ಲೆಟ್’ಗಳನ್ನು ಬಿಟ್ಟರೆ, ಎರಡೂ ಕಡೆಯ ಅಂಕ ಕೂಡಿಸಿದರೆ ಎಷ್ಟು ರ‍್ಯಾಲಿ ನಡೆಯಿತು ಎಂಬುದು ಸಿಕ್ಕಿಬಿಡುತ್ತದೆ.

ಸಮಬಲ ಇಲ್ಲದಿದ್ದಾಗ ವ್ಯತ್ಯಾಸ ಇನ್ನೂ ದೊಡ್ಡದು. ನೀವು ಹತ್ತರಲ್ಲಿ ಮೂರು ರ‍್ಯಾಲಿ ಗೆಲ್ಲುವ ಆಟಗಾರ ಎನ್ನೋಣ. ಹೊಸ ಲೆಕ್ಕದಲ್ಲಿ ನೀವು 11-4, 11-5ರ ಸುಮಾರಿಗೆ ಸೋಲುತ್ತೀರಿ. ಹಳೆಯದರಲ್ಲಿ ಅಂಕ ಬೇಕಾದರೆ ನೀವು ಮೊದಲು ಒಂದು ರ‍್ಯಾಲಿ ಗೆದ್ದು ಸರ್ವ್ ಪಡೆಯಬೇಕು, ಅದರ ಬೆನ್ನಿಗೇ ಇನ್ನೊಂದನ್ನೂ ಗೆಲ್ಲಬೇಕು. ಹತ್ತರಲ್ಲಿ ಮೂರು, ಮತ್ತೆ ಹತ್ತರಲ್ಲಿ ಮೂರು: ಗುಣಿಸಿದರೆ ನೂರಕ್ಕೆ ಒಂಬತ್ತು. ಎದುರಾಳಿಯದು ಏಳು ಏಳಲ ನಲವತ್ತೊಂಬತ್ತು. 49ಕ್ಕೆ 9 ಎಂಬ ಅನುಪಾತದಲ್ಲಿ ಗೇಮ್ 9-1ಕ್ಕೋ 9-2ಕ್ಕೋ ಮುಗಿಯುತ್ತದೆ. ಬಲಾಬಲದ ಅದೇ ವ್ಯತ್ಯಾಸವನ್ನು ಹಳೆಯ ಪದ್ಧತಿ ಹಿಗ್ಗಿಸಿ ತೋರಿಸುತ್ತಿತ್ತು. ಮೂರು ಸಲ 9-1 ಕಂಡ ಹೊಸಬ ಮುಂದಿನ ವಾರ ಬ್ಯಾಡ್ಮಿಂಟನ್ನಿಗೆ ಹೋಗುತ್ತಾನೆ. 11-5 ಕಂಡವನು ಇನ್ನೊಂದು ಸಲ ಬರುತ್ತಾನೆ.

ಹಳೆಯ ಪದ್ಧತಿ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ 1983ರ ಒಂದು ಪಂದ್ಯ ಎಲ್ಲರ ಬಾಯಲ್ಲೂ ಇದೆ. ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿ ಪಾಕಿಸ್ತಾನದ ಜಹಾಂಗೀರ್ ಖಾನ್ ಮತ್ತು ಈಜಿಪ್ಟಿನ ಗಮಾಲ್ ಅವಾದ್ ಎದುರುಬದುರಾದರು. ಜಹಾಂಗೀರ್ ಆಗ ಯಾರಿಗೂ ಸೋಲದ ಕಾಲ. ಮೊದಲ ಗೇಮ್ ಒಂದೇ 71 ನಿಮಿಷ ನಡೆದು ಅವಾದ್ 10-9ರಿಂದ ಗೆದ್ದರು. ಮುಂದಿನ ಮೂರನ್ನೂ ಜಹಾಂಗೀರ್ 9-5, 9-7, 9-2ರಿಂದ ಗೆದ್ದರು. ಒಟ್ಟು 2 ಗಂಟೆ 46 ನಿಮಿಷ. ಸ್ಕೋರ್ ಶೀಟಿನ ಅಂಕಗಳನ್ನೆಲ್ಲ ಕೂಡಿಸಿ ನೋಡಿ, ಬರುವುದು 60 ಮಾತ್ರ. ಮೊದಲ ಗೇಮಿನ ಪಾಲು 19. ಆ 71 ನಿಮಿಷದಲ್ಲಿ ಸರ್ವ್ ಎಷ್ಟು ಸಲ ಕೈ ಬದಲಾಯಿಸಿತೆಂಬುದು ಸ್ಕೋರಿನಲ್ಲಿ ಎಲ್ಲೂ ಇಲ್ಲ. ಆಟದ ಅತ್ಯಂತ ಕಷ್ಟದ ಭಾಗವೇ ದಾಖಲೆಯಿಂದ ಕಾಣೆ.

ಟಿವಿಗೆ ಇದು ಸಂಕಟ. ಗಂಡಸರ ವೃತ್ತಿಪರ ಆಟದಲ್ಲಿ ರ‍್ಯಾಲಿಗೊಂದು ಅಂಕ ಮೊದಲೇ ಬಂದಿತ್ತು, ಆದರೆ ಗೇಮ್ 15 ಅಂಕಕ್ಕಿತ್ತು. 2004ರಲ್ಲಿ ಅದನ್ನು 11ಕ್ಕೆ ಇಳಿಸಿದರು. 2008ರಲ್ಲಿ ಹೆಂಗಸರ ವೃತ್ತಿಪರ ಟೂರ್ ಅದೇ ದಾರಿ ಹಿಡಿಯಿತು. 2009ರಲ್ಲಿ ವಿಶ್ವ ಸ್ಕ್ವಾಷ್ ಒಕ್ಕೂಟ ಅದನ್ನೇ ಎಲ್ಲರ ನಿಯಮ ಮಾಡಿತು.

ಆದರೆ 11ರ ಲೆಕ್ಕ ಬಂದಿದ್ದರಿಂದ ಪಂದ್ಯಗಳು ಕಡ್ಡಾಯವಾಗಿ ಚಿಕ್ಕದಾದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಹಾಂಗೀರ್ ಪಂದ್ಯದ ದಾಖಲೆ ಮುರಿದದ್ದು 11 ಅಂಕದ ಪದ್ಧತಿಯಲ್ಲೇ. 2015ರ ಜನವರಿಯಲ್ಲಿ ಕೆನಡಾದಲ್ಲಿ ಹಾಂಗ್‌ಕಾಂಗ್‌ನ ಲಿಯೋ ಔ, ಕೆನಡಾದ ಶಾನ್ ಡೆಲಿಯರ್ ಅವರನ್ನು 11-6, 4-11, 11-6, 7-11, 16-14ರಿಂದ ಸೋಲಿಸಲು 170 ನಿಮಿಷ ತೆಗೆದುಕೊಂಡರು. ಕೂಡಿಸಿದರೆ 97 ಅಂಕ. ಅಂಕವೊಂದಕ್ಕೆ ಸರಾಸರಿ ಒಂದೂಮುಕ್ಕಾಲು ನಿಮಿಷ! ಹೊಸ ಲೆಕ್ಕ ರ‍್ಯಾಲಿಗಳ ಸಂಖ್ಯೆಗೆ ಕಡಿವಾಣ ಹಾಕುತ್ತದೆ, ಒಂದೊಂದು ರ‍್ಯಾಲಿಯ ಉದ್ದಕ್ಕಾಗಲಿ ಲೆಟ್‌ಗಳಿಗಾಗಲಿ ಹಾಕುವುದಿಲ್ಲ. ಇಬ್ಬರೂ ಪಟ್ಟು ಬಿಡದೆ ಹಿಂದಿನ ಮೂಲೆಗೆ ಚೆಂಡು ತಳ್ಳುತ್ತಾ ಕೂತರೆ ಯಾವ ನಿಯಮವೂ ಅವರನ್ನು ಮನೆಗೆ ಕಳಿಸಲಾರದು.

ಈಗ ರಾಯರ ಗೆರೆಗಳಿಗೆ ಬರೋಣ. ಸ್ಕ್ವಾಷ್ ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ, ನಾಲ್ಕು ಗೋಡೆಯ ಒಂದು ಕೋಣೆ. ನೆಲದ ಮೇಲಿನ ಗೆರೆಗಳಿಗೆ ಸರ್ವ್ ಹೊತ್ತಿನಲ್ಲಿ ಮಾತ್ರ ಕೆಲಸ. ಸರ್ವ್ ಮಾಡುವವರ ಒಂದು ಪಾದವಾದರೂ ಚೌಕದೊಳಗೆ, ಗೆರೆ ತುಳಿಯದೆ ಇರಬೇಕು. ಎದುರಾಳಿ ಚೆಂಡನ್ನು ಗಾಳಿಯಲ್ಲೇ ಹೊಡೆಯದಿದ್ದರೆ ಅದು ಅಡ್ಡಗೆರೆಯ ಹಿಂದೆ, ಎದುರಾಳಿಯ ಪಾಲಿನ ಕಾಲು ಭಾಗದಲ್ಲಿ ಬೀಳಬೇಕು. ಅಲ್ಲಿಂದಾಚೆ ರ‍್ಯಾಲಿ ಮುಗಿಯುವವರೆಗೆ ನೆಲದ ಗೆರೆಗಳು ಬರೀ ಬಣ್ಣ. ಒಳಗೋ ಹೊರಗೋ ಎನ್ನುವುದನ್ನು ತೀರ್ಮಾನಿಸುವುದು ಗೋಡೆಗಳು.

ಮುಂದಿನ ಗೋಡೆಯಲ್ಲಿ ಮೂರು ಅಡ್ಡಗೆರೆ. ಕೆಳಗಿನದು ತಗಡಿನ ಪಟ್ಟಿಯ ತಲೆಯ ಮೇಲೆ. ಆ ಪಟ್ಟಿಗೇ ‘ಟಿನ್’ ಎಂದು ಹೆಸರು, ಟೆನಿಸ್‌ನ ನೆಟ್ ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಅದು. ಎತ್ತರ 48 ಸೆಂಟಿಮೀಟರ್. ನಡುವಿನ ಗೆರೆ 1.78 ಮೀಟರ್ ಎತ್ತರದಲ್ಲಿದೆ, ಸರ್ವ್ ಅದಕ್ಕಿಂತ ಮೇಲೆ ಬಡಿಯಬೇಕು. ಎಲ್ಲಕ್ಕಿಂತ ಮೇಲಿನದು ಔಟ್ ಲೈನ್, 4.57 ಮೀಟರ್. ಹಿಂದಿನ ಗೋಡೆಯ ಔಟ್ ಲೈನ್ ಮಾತ್ರ 2.13 ಮೀಟರಿಗೇ ನಿಲ್ಲುತ್ತದೆ. ಪಕ್ಕದ ಗೋಡೆಗಳ ಗೆರೆ ಇವೆರಡನ್ನೂ ಸೇರಿಸುತ್ತಾ ಮುಂದಿನಿಂದ ಹಿಂದಕ್ಕೆ ಓರೆಯಾಗಿ ಇಳಿಯುತ್ತದೆ.

ಗೆರೆಯ ಪ್ರತಿ ಮಿಲಿಮೀಟರೂ ಔಟ್. ಕುಂಟಾಬಿಲ್ಲೆ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಗೆರೆ ತುಳಿದರೆ ಔಟೇ. ಚೆಂಡಿನ ಅಂಚು ಔಟ್ ಲೈನಿನ ಕೆಳತುದಿಗೆ ಸವರಿದರೂ ಔಟ್. ಟಿನ್ ಮೇಲಿನ ಗೆರೆ ಸವರಿದರೆ ‘ಡೌನ್’. ಸರ್ವ್ ನಡುಗೆರೆಯನ್ನು ಮುಟ್ಟಿದರೆ, ಅಥವಾ ನೆಲದ ಅಡ್ಡಗೆರೆಯ ಮೇಲೆ ಬಿದ್ದರೆ ‘ಫಾಲ್ಟ್’. ಟೆನಿಸ್, ಬ್ಯಾಡ್ಮಿಂಟನ್ನಿನಿಂದ ಬಂದವರು ಕಣ್ಣಿನ ಅಭ್ಯಾಸವನ್ನೇ ಮಗುಚಿ ಹಾಕಿಕೊಳ್ಳಬೇಕು. ಅಲ್ಲಿ ಗೆರೆ ಹೊಡೆದವರ ಪರ, ಇಲ್ಲಿ ಹೊಡೆದವರ ವಿರುದ್ಧ.

ಇವುಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಸ್ವಾರಸ್ಯದ್ದು ಪಕ್ಕದ ಗೋಡೆಯ ಓರೆಗೆರೆ. ಉಳಿದ ಗೆರೆಗಳಿಗೆ ಒಂದೇ ಎತ್ತರ, ಇದಕ್ಕೆ ನಿಂತಲ್ಲೊಂದು ಎತ್ತರ. 9.75 ಮೀಟರ್ ಉದ್ದಕ್ಕೆ 2.44 ಮೀಟರ್ ಇಳಿತ, ಅಂದರೆ ಮೀಟರಿಗೆ 25 ಸೆಂಟಿಮೀಟರ್. ಇದರ ಆಟ ಕಾಣುವುದು ‘ಲಾಬ್ ಸರ್ವ್’ನಲ್ಲಿ. ಬಲ ಚೌಕದಲ್ಲಿ ನಿಂತವರು ಚೆಂಡನ್ನು ಮುಂದಿನ ಗೋಡೆಯ ಮೇಲ್ಭಾಗಕ್ಕೆ ಮೆತ್ತಗೆ ಎತ್ತುತ್ತಾರೆ. ಅದು ಕಮಾನಿನಂತೆ ಬಂದು ಎಡಗೋಡೆಯನ್ನು ಎತ್ತರದಲ್ಲಿ ಸವರಿ, ವೇಗ ಕಳೆದುಕೊಂಡು ಹಿಂದಿನ ಮೂಲೆಯಲ್ಲಿ ಸತ್ತ ಹಾಗೆ ಬೀಳುತ್ತದೆ. ಸರಿಯಾಗಿ ಬಿದ್ದರೆ ಅದನ್ನು ಎತ್ತುವುದು ದೊಡ್ಡ ಪಾಡು.

ಚೆಂಡು ಪಕ್ಕದ ಗೋಡೆಯನ್ನು ನೆಲದಿಂದ ಸರಿಯಾಗಿ 3 ಮೀಟರ್ ಎತ್ತರದಲ್ಲಿ ಮುಟ್ಟಿತು ಎನ್ನೋಣ. ಅದು ಒಳಗೋ ಹೊರಗೋ? ಎಲ್ಲಿ ಮುಟ್ಟಿತು ಎಂದು ತಿಳಿಯದೆ ಉತ್ತರ ಹೇಳಲಾಗದು. ಮುಂದಿನ ಗೋಡೆಯಿಂದ 6 ಮೀಟರ್ ದೂರದಲ್ಲಿ ಗೆರೆಯ ಎತ್ತರ 4.57ರಲ್ಲಿ ಒಂದೂವರೆ ಮೀಟರ್ ಕಳೆದು 3.07. ಅಲ್ಲಿ ಮುಟ್ಟಿದರೆ ಏಳು ಸೆಂಟಿಮೀಟರ್ ಅಂತರದಲ್ಲಿ ಒಳಗೆ. ಅದೇ ಎತ್ತರದಲ್ಲಿ ಇನ್ನೂ ಅರ್ಧ ಮೀಟರ್ ಹಿಂದೆ, ಆರೂವರೆ ಮೀಟರಿನಲ್ಲಿ ಮುಟ್ಟಿದರೆ? ಗೆರೆ ಅಲ್ಲಿ 2.95ರ ಆಸುಪಾಸಿಗೆ ಇಳಿದಿರುತ್ತದೆ. ಚೆಂಡು ಬಡಿದದ್ದು ಗೆರೆಯ ಮೇಲೇ ಅಥವಾ ಅದರ ಮೇಲಂಚಿನಲ್ಲಿ. ಔಟ್. ಎತ್ತರ ಅಷ್ಟೇ ಇದ್ದರೂ ಅರ್ಧ ಮೀಟರ್ ಹಿಂದಕ್ಕೆ ಸರಿದದ್ದಕ್ಕೆ ಸರ್ವ್ ಹಾಳು. ಹಾಗಾಗಿ ಲಾಬ್ ಸರ್ವ್ ಔಟ್ ಆದಾಗ “ಸ್ವಲ್ಪ ಕೆಳಗೆ ಹೊಡಿ” ಎನ್ನುವುದು ಅರ್ಧ ಸಲಹೆ. ಎಷ್ಟೋ ಸಲ ಎತ್ತರ ಸರಿ ಇರುತ್ತದೆ, ಚೆಂಡು ಗೋಡೆಯನ್ನು ತಡವಾಗಿ ಮುಟ್ಟಿರುತ್ತದೆ. ಮುಂದಿನ ಗೋಡೆಯಲ್ಲಿ ಗುರಿಯನ್ನು ಒಂದಿಷ್ಟು ಎಡಕ್ಕೆ ಸರಿಸಿದರೆ ಪಕ್ಕದ ಗೋಡೆ ಬೇಗ ಸಿಗುತ್ತದೆ, ಗೆರೆ ಎತ್ತರದಲ್ಲಿರುವಾಗಲೇ.

ಈಗ ಈ ಔಟ್ ಆದ ಸರ್ವ್‌ಗೆ ಎರಡು ಪದ್ಧತಿಗಳಲ್ಲೂ ಬೆಲೆ ಕಟ್ಟಿ ನೋಡಿ. ಹಳೆಯ ಲೆಕ್ಕದಲ್ಲಿ ಸರ್ವ್ ಮಾಡುವವರು ಗೆರೆಗೆ ಹೊಡೆದರೆ ಹೋಗುವುದು ಸರ್ವ್ ಮಾತ್ರ. ಎದುರಾಳಿಗೆ ಅಂಕ ಇಲ್ಲ. ಹಾಗಾಗಿ ಸರ್ವ್ ಕೈಯಲ್ಲಿದ್ದಾಗ ಗೆರೆಯ ಪಕ್ಕದಲ್ಲೇ, ಟಿನ್ ಅಂಚಿನಲ್ಲೇ ಆಡುವ ಧೈರ್ಯ ಸಲೀಸು. ಸರ್ವ್ ಎದುರಿಸುವವರ ಪಾಡು ಬೇರೆ. ಅವರ ಚೆಂಡು ಟಿನ್‌ಗೆ ಬಡಿದರೆ ನೇರ ಒಂದು ಅಂಕ ನಷ್ಟ, ಗೆದ್ದರೆ ಬರೀ ಸರ್ವ್ ಲಾಭ. ಆದ್ದರಿಂದ ಅವರು ಹುಷಾರಾಗಿ, ಚೆಂಡನ್ನು ಹಿಂದಿನ ಗೋಡೆಗೆ ಕಳಿಸುತ್ತಾ ಕಾಯುತ್ತಿದ್ದರು. ಒಂದೇ ಗೆರೆ, ಒಂದೇ ತಪ್ಪು, ಆದರೆ ಯಾರ ಕೈಯಲ್ಲಿ ಸರ್ವ್ ಇದೆ ಎಂಬುದರ ಮೇಲೆ ಎರಡು ದರ. ರ‍್ಯಾಲಿಗೊಂದು ಅಂಕ ಬಂದ ಮೇಲೆ ದರ ಒಂದೇ ಆಯಿತು, ಇಬ್ಬರಿಗೂ ಪೂರ್ತಿ ಒಂದು ಅಂಕ.

ಇದರಿಂದ ಆಟ ಅಂಜುಬುರುಕವಾಗುತ್ತದೆ, ಯಾರೂ ಟಿನ್ ಹತ್ತಿರ ಆಡುವುದಿಲ್ಲ ಎಂಬ ಭಯ ಹಳಬರಿಗೆ ಇತ್ತು. ಆ ಭಯ ಬುಡವಿಲ್ಲದ್ದಲ್ಲ. ಆದರೆ ವೃತ್ತಿಪರ ಆಟದಲ್ಲಿ ಅದಕ್ಕೆ ಮದ್ದೂ ಇತ್ತು. ಗಂಡಸರ ಟೂರ್‌ನಲ್ಲಿ ಟಿನ್ 48 ಅಲ್ಲ, 43 ಸೆಂಟಿಮೀಟರ್. 2015ರಿಂದ ಹೆಂಗಸರಿಗೂ ಅದೇ ಎತ್ತರ. ಐದು ಸೆಂಟಿಮೀಟರ್ ಎಂದರೆ ಸ್ಕ್ವಾಷ್ ಚೆಂಡಿನ ವ್ಯಾಸಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು. ಕ್ಲಬ್ಬಿನ ಕೋರ್ಟಿನಲ್ಲಿ ತಗಡಿಗೆ ಬಡಿಯುವ ಡ್ರಾಪ್ ಶಾಟ್ ಅಲ್ಲಿ ಗೆಲ್ಲುವ ಡ್ರಾಪ್ ಶಾಟ್. ಟಿವಿಯಲ್ಲಿ ನೋಡಿದ್ದನ್ನು ಮಾರನೆಯ ಬೆಳಿಗ್ಗೆ ನಮ್ಮ ಕೋರ್ಟಿನಲ್ಲಿ ಪ್ರಯೋಗಿಸುವವರು ಈ ಐದು ಸೆಂಟಿಮೀಟರ್ ನೆನಪಿಡುವುದು ಒಳ್ಳೆಯದು. ನಮ್ಮಂಥವರಿಗೆ ಟಿನ್‌ನಿಂದ ಒಂದು ಗೇಣು ಮೇಲೆ ಗುರಿ ಇಟ್ಟರೆ ಸಾಕು. ಚೆಂಡು ಸ್ವಲ್ಪ ಹೆಚ್ಚು ಪುಟಿಯುತ್ತದೆ, ಅಷ್ಟೇ.

ಲೆಕ್ಕ ಬದಲಾದದ್ದರ ಬಿಸಿ ನಿಜವಾಗಿ ತಿಳಿಯುವುದು ಗೇಮಿನ ಕೊನೆಯಲ್ಲಿ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ತಂಡ ಫೈನಲ್ ನೋಡಿದವರಿಗೆ ನೆನಪಿರಬಹುದು. ಭಾರತ ಮತ್ತು ಪಾಕಿಸ್ತಾನ 1-1. ನಿರ್ಣಾಯಕ ಪಂದ್ಯದಲ್ಲಿ ಚೆನ್ನೈನ ಅಭಯ್ ಸಿಂಗ್ ಎದುರು ನೂರ್ ಝಮಾನ್. ಮೊದಲ ನಾಲ್ಕು ಗೇಮ್ 11-7, 9-11, 8-11, 11-9. ಐದನೆಯದರಲ್ಲಿ ಅಭಯ್ 8-10ರಲ್ಲಿ ಹಿಂದೆ. ಎದುರಾಳಿಗೆ ಎರಡು ಮ್ಯಾಚ್ ಪಾಯಿಂಟ್. ಅಲ್ಲಿಂದ ಅಭಯ್ ಸತತ ನಾಲ್ಕು ರ‍್ಯಾಲಿ ಗೆದ್ದು 12-10ಕ್ಕೆ ಮುಗಿಸಿದರು. ಚಿನ್ನ ಭಾರತಕ್ಕೆ.

ಇಲ್ಲಿ 9-10ರ ಆ ಕ್ಷಣವನ್ನು ಹಿಡಿದು ನಿಲ್ಲಿಸಿ ನೋಡಿ. ಹಿಂದಿನ ರ‍್ಯಾಲಿ ಗೆದ್ದದ್ದರಿಂದ ಸರ್ವ್ ಅಭಯ್ ಕೈಯಲ್ಲಿದೆ. ಹಳೆಯ ಪದ್ಧತಿಯಲ್ಲಿ ಸರ್ವ್ ಕೈಯಲ್ಲಿದ್ದರೆ ಅದೊಂದು ಕವಚ: ಈ ರ‍್ಯಾಲಿ ಸೋತರೂ ಪಂದ್ಯ ಸೋಲುವುದಿಲ್ಲ, ಸರ್ವ್ ಮಾತ್ರ ಹೋಗುತ್ತದೆ, ಎದುರಾಳಿ ಇನ್ನೊಂದು ರ‍್ಯಾಲಿ ಗೆದ್ದು ತೋರಿಸಬೇಕು. ಹೊಸ ಪದ್ಧತಿಯಲ್ಲಿ ಆ ಕವಚ ಇಲ್ಲ. ತನ್ನದೇ ಸರ್ವ್‌ನಲ್ಲಿ, ಚೆಂಡು ಪಕ್ಕದ ಗೋಡೆಯ ಓರೆಗೆರೆಗೆ ಚೂರು ಸವರಿದರೂ ಚಿನ್ನ ಕೈಬಿಟ್ಟಂತೆ. ಇಡೀ ಪಂದ್ಯದ ಅಂಕಗಳನ್ನು ಕೂಡಿಸಿದೆ: 99 ರ‍್ಯಾಲಿ, ಅಭಯ್ 51, ಝಮಾನ್ 48. ಮೂರು ರ‍್ಯಾಲಿ ಅಂತರ. ಇಂಥ ಪಂದ್ಯದಲ್ಲಿ ಒಂದು ಗೆರೆಯ ತೀರ್ಪು ಆಚೀಚೆ ಆದರೆ ಏನಾಗಬಹುದು ಎಂದು ಹೇಳಬೇಕಿಲ್ಲ. ಹಳೆಯ ಪದ್ಧತಿಯ ಪರ ವಾದಿಸುವವರಿಗೆ ಇದೇ ಬೇಸರ, ಕಡೆಗಳಿಗೆಯಲ್ಲಿ ಎದ್ದು ನಿಲ್ಲುವ ಅವಕಾಶ ಕಡಿಮೆ ಎಂದು. ನನಗೆ ಮಾತ್ರ ಆ 9-10ರ ಸರ್ವ್ ನೋಡುವ ಉಸಿರುಕಟ್ಟು 71 ನಿಮಿಷದ ಯಾವ ಗೇಮ್ ಕೊಟ್ಟರೂ ಬೇಡ.

ಮಾಲ್‌ನಲ್ಲಿ ರಾಯರು ನೋಡಿದ್ದು ಇದಕ್ಕಿಂತಲೂ ಚಿಕ್ಕ ಆಟ. ಚೆನ್ನೈನ ವಿಶ್ವಕಪ್ಪಿನಲ್ಲಿ ಗೇಮ್ 7 ಅಂಕಕ್ಕೆ. 6-6 ಆದರೆ ಎರಡಂಕದ ಅಂತರ ಬೇಕಿಲ್ಲ, ಮುಂದಿನ ರ‍್ಯಾಲಿ ಗೆದ್ದವರಿಗೆ ಗೇಮ್. ಅಂದರೆ ಒಂದು ಗೇಮಿಗೆ ಹೆಚ್ಚೆಂದರೆ 13 ರ‍್ಯಾಲಿ, ಐದೂ ಗೇಮ್ ನಡೆದರೂ 65. ಸ್ಕ್ವಾಷ್‌ನಲ್ಲಿ ಪಂದ್ಯಕ್ಕೆ ಗಟ್ಟಿಯಾದ ಮೇಲ್ಮಿತಿ ಸಿಗುವುದು ಇಂಥ ಕಡೆ ಮಾತ್ರ. ಫೈನಲ್‌ನ ಮೊದಲ ಪಂದ್ಯದಲ್ಲಿ ಜೋಶ್ನಾ ಚಿನ್ನಪ್ಪ (ಚೆನ್ನೈನಲ್ಲಿ ಬೆಳೆದವರಾದರೂ ಕೊಡವ ಮನೆತನ, ಹಾಗಾಗಿ ನಮ್ಮ ಸಾಲಿನಲ್ಲಿ ಸ್ವಲ್ಪ ಹೆಚ್ಚೇ ಚಪ್ಪಾಳೆ) ಲೀ ಕಾ ಯೀ ಅವರನ್ನು 7-3, 2-7, 7-5, 7-1ರಿಂದ ಸೋಲಿಸಿದರು. ಒಟ್ಟು 39 ರ‍್ಯಾಲಿ. ಹ್ಯಾಂಗ್‌ಝೌನ ಆ ಒಂದು ಪಂದ್ಯಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ.

ನೋಡುಗರಿಗೆ ಇದು ಚೆನ್ನ. ತಂಡವೊಂದರ ನಾಲ್ಕು ಪಂದ್ಯಗಳನ್ನು ಒಂದು ಸಂಜೆಯೊಳಗೆ ಮುಗಿಸಬಹುದು. ಆಡುವವರ ದೃಷ್ಟಿಯಿಂದ 7 ನನಗೆ ತೀರಾ ಚಿಕ್ಕದೆನಿಸುತ್ತದೆ. ಚೆಂಡು ಬಿಸಿಯಾಗಿ, ಕಾಲು ಹದಕ್ಕೆ ಬರುವಷ್ಟರಲ್ಲಿ 1-4. ಎರಡು ಸಲ ಟಿನ್ ಸದ್ದಾದರೆ ಗೇಮೇ ಹೋಯಿತು. ಜೋಶ್ನಾ ಸೋತ ಆ 2-7ನ್ನು ನೋಡಿ, ಒಂಬತ್ತು ರ‍್ಯಾಲಿಯ ಗೇಮ್! 11ರ ಲೆಕ್ಕದಲ್ಲಿ 2-7 ಎಂದರೆ ಸೋಲಲ್ಲ, ಕಥೆ ಇನ್ನೂ ನಡೆಯುತ್ತಿದೆ ಎಂದು. ಎದುರಾಳಿಯ ಚಾಳಿ ಅರಿತು ಆಟ ಬದಲಿಸಲು ಬೇಕಾದಷ್ಟು ರ‍್ಯಾಲಿ 11ರಲ್ಲಿ ಸಿಗುತ್ತದೆ, 7ರಲ್ಲಿ ಸಿಗುವುದಿಲ್ಲ. 15ರಿಂದ 11ಕ್ಕೆ ಇಳಿಸಿದ್ದು ಸರಿ, 11ರಿಂದ ಕೆಳಗೆ ಹಬ್ಬದ ದಿನಗಳಿಗೆ ಮಾತ್ರ ಸಾಕು ಎಂಬುದು ನನ್ನ ಅಭಿಪ್ರಾಯ.

ರೆಫ್ರಿ ಇಲ್ಲದ ನಮ್ಮ ಕೋರ್ಟುಗಳಲ್ಲಿ ಗೆರೆ ಮುಟ್ಟಿದ್ದು ತಿಳಿಯುವುದು ಹೇಗೆ ಎಂದು ರಾಯರು ವಾಪಸು ಬರುವಾಗ ಕಾರಿನಲ್ಲಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಟಿನ್ ವಿಷಯದಲ್ಲಿ ಕಣ್ಣಿಗಿಂತ ಕಿವಿ ವಾಸಿ. ಚೆಂಡು ಬಡಿದರೆ ಬೇರೆಯೇ ಸದ್ದು ಬರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಗೋಡೆಯ ಸದ್ದು ‘ಟಪ್’, ತಗಡಿನದು ‘ಢಣ್’. ಔಟ್ ಲೈನ್ ವಿಷಯದಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ. ಚೆನ್ನಾಗಿ ಕಟ್ಟಿದ ಕೋರ್ಟಿನಲ್ಲಿ ಆ ಗೆರೆ ಬರೀ ಬಣ್ಣವಲ್ಲ, ಗೋಡೆಯ ಮಟ್ಟಕ್ಕಿಂತ ಸ್ವಲ್ಪ ಒಳಗೆ ಬಾಗಿದ ಪಟ್ಟಿ ಇರುತ್ತದೆ. ಅದಕ್ಕೆ ತಗುಲಿದ ಚೆಂಡು ತನ್ನ ದಾರಿ ಬಿಟ್ಟು ಅಡ್ಡಾದಿಡ್ಡಿ ತಿರುಗುತ್ತದೆ. ಆ ತಿರುವೇ ಸಾಕ್ಷಿ. ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರ್ ಉಳಿದ ಜಾಗಕ್ಕೆ ಕಟ್ಟಿಸಿದ ಕೋರ್ಟುಗಳಲ್ಲಿ ಕೆಂಪು ಬಣ್ಣ ಬಳಿದು ಬಿಟ್ಟಿರುತ್ತಾರೆ, ಅಲ್ಲಿ ಈ ಸಾಕ್ಷಿ ಸಿಗದು. ಗೋಡೆಯ ಮೇಲಿನ ಕಪ್ಪು ಗುರುತನ್ನು ತೋರಿಸಿ ವಾದಿಸುವವರಿದ್ದಾರೆ, ಆದರೆ ಅದು ಹೋದ ವಾರದ್ದೂ ಆಗಿರಬಹುದು.

ಅಂಥಲ್ಲಿ ಇಬ್ಬರಿಗೂ ಖಚಿತವಿಲ್ಲದಿದ್ದರೆ ಲೆಟ್ ಕೊಟ್ಟು ರ‍್ಯಾಲಿಯನ್ನು ಮತ್ತೆ ಆಡುವುದೇ ಸರಿ. ರೆಫ್ರಿ ಕೂಡ ಖಚಿತವಿಲ್ಲದಾಗ ಮಾಡುವುದು ಅದನ್ನೇ. ಔಟ್ ಇರಬಹುದು ಅನಿಸಿದ ಸರ್ವ್‌ಗೆ ಕೈ ಬಿಟ್ಟು ನಿಲ್ಲಬೇಡಿ. ಮೊದಲು ಹೊಡೆಯಿರಿ, ರ‍್ಯಾಲಿ ಮುಗಿದ ಮೇಲೆ ಕೇಳಿ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ನಿಂತು ನೋಡಿ, ಚೆಂಡು ಒಳಗೇ ಇತ್ತು ಎಂದಾದರೆ ಈಗಿನ ಲೆಕ್ಕದಲ್ಲಿ ಹೋಗುವುದು ಪೂರ್ತಿ ಒಂದು ಅಂಕ.

ರಾಯರು ಈಗ ಭಾನುವಾರ ಬೆಳಿಗ್ಗೆ ನಮ್ಮ ಕೋರ್ಟಿನ ಮೇಲಿನ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಮಾರ್ಕರ್ ಕೆಲಸ ಮಾಡುತ್ತಾರೆ. “ಹ್ಯಾಂಡ್ ಔಟ್” ಎನ್ನುವ ಬದಲು “ಕೈ ಬದ್ಲು” ಎಂದು ಕೂಗುತ್ತಾರೆ. ತಮಿಳು ಹುಡುಗರಿಗೂ ಅದು ಅಭ್ಯಾಸವಾಗಿದೆ.